ಬರೆದ ಹಾಡು ಯಾವಾಗ ವಾಪಸು ಬರುತ್ತದೆ?

ಸಿನಿಮಾ ಹಾಡು ಬರೆದವರ ಮುಂದೆ ನಿರ್ಮಾಪಕರು ಇಡುವ ಹಕ್ಕು ವರ್ಗಾವಣೆ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಪುಟಗಟ್ಟಲೆ ಇರುತ್ತದೆ. ಚೆಕ್ಕು ಜೊತೆಯಲ್ಲೇ ಬಂದರಂತೂ ಯಾರೂ ಅದನ್ನು ಓದುವುದಿಲ್ಲ. ಅದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿಕೊಡುವವರು ಪತ್ರದಲ್ಲಿರುವುದನ್ನಷ್ಟೇ ಬರೆದರೆ ಅರ್ಧ ಕೆಲಸವಾಯಿತು. ಪತ್ರ ಏನೂ ಹೇಳದೆ ಬಿಟ್ಟಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಮಾತಾಡುತ್ತದೆ. ಪತ್ರ ಅತಿಯಾಗಿ ಕೇಳಿದ ಕಡೆಯೂ ಅದೇ ಕಾಯ್ದೆ ಅಡ್ಡ ಬರುತ್ತದೆ. ಇವೆರಡೂ ಆ ಪುಟದಲ್ಲಿರಬೇಕು.

ಒಂದು ಪತ್ರವನ್ನು ಕಲ್ಪಿಸಿಕೊಳ್ಳೋಣ. ಗೀತರಚನಕಾರರೊಬ್ಬರು 2024ರ ಮಾರ್ಚ್ 12ರಂದು ಒಂದು ಹಾಡಿನ ಸಾಹಿತ್ಯವನ್ನು ನಲವತ್ತು ಸಾವಿರ ರೂಪಾಯಿಗೆ ನಿರ್ಮಾಪಕರಿಗೆ ಬರೆದುಕೊಟ್ಟಿದ್ದಾರೆ. ‘ಇಂದಿರುವ ಹಾಗೂ ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ, ಎಲ್ಲ ಹಕ್ಕುಗಳು, ರಾಯಲ್ಟಿಯೂ ಸೇರಿ’ ಎಂದು ಪತ್ರದಲ್ಲಿದೆ. ಎಷ್ಟು ವರ್ಷ, ಯಾವ ದೇಶಗಳಲ್ಲಿ ಎಂಬ ಮಾತಿಲ್ಲ.

ಮೊದಲು ವ್ಯಾಪ್ತಿ. ‘ಎಲ್ಲ ಹಕ್ಕುಗಳು’ ಎಂದು ಸಾರಾಂಶದಲ್ಲೂ ಬರೆದರೆ ಓದುವವರಿಗೆ ಏನೂ ತಿಳಿಯದು. ಬಿಡಿಸಿ ಬರೆಯಬೇಕು: ಧ್ವನಿಮುದ್ರಣ, ಚಿತ್ರದಲ್ಲಿ ಬಳಕೆ, ತೆಲುಗು ಅಥವಾ ತಮಿಳಿಗೆ ಡಬ್ಬಿಂಗ್, ಪುಸ್ತಕದಲ್ಲಿ ಅಚ್ಚು, ಜಾಹೀರಾತು. ಇನ್ನು ‘ಮುಂದೆ ಬರುವ ಮಾಧ್ಯಮ’ದ ಮಾತು. 2012ರ ತಿದ್ದುಪಡಿಯ ಪ್ರಕಾರ, ಸಹಿ ಹಾಕುವಾಗ ಇಲ್ಲದ ಅಥವಾ ವ್ಯಾಪಾರಕ್ಕೆ ಬಾರದ ಮಾಧ್ಯಮವನ್ನು ಪತ್ರದಲ್ಲಿ ನಿರ್ದಿಷ್ಟವಾಗಿ ಹೇಳಿರದಿದ್ದರೆ ಅದರ ಹಕ್ಕು ವರ್ಗವಾಗುವುದಿಲ್ಲ. ಎಲ್ಲವನ್ನೂ ಬಾಚಿಕೊಳ್ಳುವ ಇಂಥ ಸಾಲನ್ನು ನಂಬಿ ಗಾಬರಿಯಾಗಬೇಕಿಲ್ಲ.

ರಾಯಲ್ಟಿಯ ಸಾಲಂತೂ ನಿಲ್ಲುವುದೇ ಇಲ್ಲ. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಹಾಡು ಕೇಳಿಸುವುದನ್ನು ಬಿಟ್ಟು ಬೇರೆಲ್ಲ ಬಳಕೆಗೂ ಬರುವ ರಾಯಲ್ಟಿಯಲ್ಲಿ ಸಾಹಿತಿಗೆ ಸಮಪಾಲು ಉಂಟು. ಆ ಪಾಲನ್ನು ತನ್ನ ವಾರಸುದಾರರಿಗೆ ಅಥವಾ ಐಪಿಆರ್‌ಎಸ್‌ನಂಥ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಇನ್ನಾರಿಗೂ ಬರೆದುಕೊಡಲು ಆಗದು. ಬರೆದುಕೊಟ್ಟರೂ ಅದು ಅಸಿಂಧು. ರೇಡಿಯೊ, ಟಿವಿ, ಮೊಬೈಲ್ ಆ್ಯಪ್ ಎಲ್ಲವೂ ಇದರಲ್ಲಿ ಬರುತ್ತವೆ. ಕಾಸು ಹುಟ್ಟುವುದು ಹೆಚ್ಚಾಗಿ ಅಲ್ಲೇ ಆದ್ದರಿಂದ ಸಾರಾಂಶದಲ್ಲಿ ಇದನ್ನು ದಪ್ಪಕ್ಷರದಲ್ಲಿ ಬರೆಯುವುದು ಒಳ್ಳೆಯದು.

ಪ್ರದೇಶದ ಮಾತು ಚಿಕ್ಕದು. ಪತ್ರ ಹೇಳದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ದುಬೈಯಲ್ಲೋ ಅಮೆರಿಕದಲ್ಲೋ ಹಾಡಿನ ಸಾಹಿತ್ಯ ಬಳಸಲು ನಿರ್ಮಾಪಕರು ಮತ್ತೆ ಸಾಹಿತಿಯ ಬಳಿಗೇ ಬರಬೇಕು.

ಅವಧಿ ಹೇಳದಿದ್ದರೆ ಐದು ವರ್ಷ. ನಮ್ಮ ಪತ್ರದ ಆಯುಸ್ಸು ಹಾಗಾಗಿ 2029ರ ಮಾರ್ಚ್‌ವರೆಗೆ. ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ’ ಎಂಬ ಒಂದೇ ಸಾಲು ಸೇರಿದ್ದರೆ ಲೆಕ್ಕವೇ ಬೇರೆ. ಆಗ ಸಾಹಿತಿ ಬದುಕಿರುವಷ್ಟು ಕಾಲ, ಅವರ ನಂತರವೂ 60 ವರ್ಷ ಹಕ್ಕು ಹೊರಗೇ ಇರುತ್ತದೆ. ಹಳೆಯ ಹಾಡುಗಳಿಗೆ ಈ ಐದು ವರ್ಷದ ಲೆಕ್ಕ ಹಚ್ಚಬಾರದು. 1994ರ ತಿದ್ದುಪಡಿ ಜಾರಿಯಾಗುವ ಮೊದಲಿನ ಪತ್ರಗಳಿಗೆ ಇದು ಅನ್ವಯಿಸದು.

ಹಕ್ಕು ವಾಪಸಾಗುವ ವಿಷಯ ಪತ್ರದಲ್ಲಿ ಒಂದು ಶೀರ್ಷಿಕೆಯ ಕೆಳಗೆ ಸಿಗುವುದು ಅಪರೂಪ, ಹುಡುಕಿ ತೆಗೆಯಬೇಕು. ಅವಧಿ ಮುಗಿದಾಗ ಬರುವುದು ಒಂದು ದಾರಿ. ಇನ್ನೊಂದು ಹೆಚ್ಚಿನವರಿಗೆ ಗೊತ್ತಿಲ್ಲ: ಪಡೆದ ಹಕ್ಕನ್ನು ನಿರ್ಮಾಪಕರು ಒಂದು ವರ್ಷದೊಳಗೆ ಬಳಸದಿದ್ದರೆ, ಬಳಸದೆ ಉಳಿದ ಆ ಹಕ್ಕಿನ ವರ್ಗಾವಣೆ ತಾನಾಗಿ ಬಿದ್ದುಹೋಗುತ್ತದೆ. ನಮ್ಮ ಹಾಡು ಕನ್ನಡ ಚಿತ್ರದಲ್ಲಿ ಬಂದು, ಡಬ್ಬಿಂಗ್ ಆಗದೇ ಉಳಿಯಿತು ಎನ್ನಿ. 2025ರ ಮಾರ್ಚ್ ದಾಟಿದ ಮೇಲೆ ಡಬ್ಬಿಂಗ್ ಹಕ್ಕು ಸಾಹಿತಿಯದು, ಕನ್ನಡ ಹಾಡಿನದು ನಿರ್ಮಾಪಕರದೇ. ವ್ಯಾಪ್ತಿಯನ್ನು ಬಿಡಿಸಿ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಆದರೆ ಈ ನಿಯಮಕ್ಕೆ ‘ಪತ್ರದಲ್ಲಿ ಬೇರೆ ರೀತಿ ಹೇಳಿರದಿದ್ದರೆ’ ಎಂಬ ಬಾಲವಿದೆ. ತಿಳಿದ ವಕೀಲರು ‘ಬಳಸದಿದ್ದರೂ ಹಕ್ಕು ರದ್ದಾಗದು’ ಎಂದು ಹಿಂದಿನ ಪುಟಗಳಲ್ಲೆಲ್ಲೋ ಸೇರಿಸಿರುತ್ತಾರೆ. ಸಹಿಗೆ ಮುನ್ನ ಹೊಡೆದುಹಾಕಿಸಬೇಕಾದ ಸಾಲು ಒಂದೇ ಎಂದರೆ ನಾನು ಇದನ್ನೇ ತೋರಿಸುತ್ತೇನೆ, ಹಣದ ಸಾಲನ್ನಲ್ಲ.

ಇಷ್ಟಾದರೂ 2029ರಲ್ಲಿ ವಾಪಸು ಬರುವುದು ಏನು ಎಂಬುದನ್ನೂ ಸಾರಾಂಶ ಹೇಳಬೇಕು. ಬರುವುದು ಸಾಹಿತ್ಯ ಮಾತ್ರ. ಚಿತ್ರಕ್ಕೂ ಧ್ವನಿಮುದ್ರಿಕೆಗೂ ಬೇರೆಯೇ ಕೃತಿಸ್ವಾಮ್ಯವಿದೆ, ಜನ ಗುನುಗುವ ಆ ಗಾಯಕರ ದನಿಯ ರೆಕಾರ್ಡಿಂಗನ್ನು ಸಾಹಿತಿ ಎತ್ತಿ ಬಳಸುವಂತಿಲ್ಲ. ಹೊಸ ಸಂಯೋಜನೆಯಲ್ಲಿ ಬೇರೆಯವರಿಂದ ಹಾಡಿಸಬಹುದು. ಹಳೆಯ ಟ್ಯೂನೇ ಬೇಕೆಂದರೆ ಸಂಗೀತ ನಿರ್ದೇಶಕರು ಸಹಿ ಹಾಕಿದ ಪತ್ರವನ್ನೂ ತರಿಸಿಕೊಂಡು, ಅದರಲ್ಲಿ ಅವಧಿ ಎಷ್ಟಿದೆ ಎಂದು ನೋಡಬೇಕಾಗುತ್ತದೆ.