ಒಂದೇ ಫ್ರಿಜ್, ಇಬ್ಬರ ಡಬ್ಬಿಗಳು

ಬೆಂಗಳೂರಿನಂಥ ಊರಿನಲ್ಲಿ ಮನೆ ಹಂಚಿಕೊಂಡ ಇಬ್ಬರು ಉದ್ಯೋಗಸ್ಥ ಯುವತಿಯರ ನಡುವೆ ಫ್ರಿಜ್ಜಿನ ಮಾತು ಬರುವುದು ಸಾಮಾನ್ಯವಾಗಿ ಏನಾದರೂ ಹಳಸಿ ನಾರಿದ ಮೇಲೆ. ಆಗ ಬರೆದ ಸಂದೇಶದಲ್ಲಿ ಸಿಟ್ಟು ಇಣುಕುತ್ತದೆ. ಸಮಾಧಾನದ ದಿನವೊಂದರಲ್ಲಿ ಬರೆದದ್ದು ಹೀಗಿರಬಹುದು:

“ಫ್ರಿಜ್ಜಲ್ಲಿ ಯಾವ ಡಬ್ಬಿ ಯಾರದು ಅಂತಾನೇ ಗೊತ್ತಾಗ್ತಿಲ್ಲ ಕಣೇ. ಮೇಲಿನ ಶೆಲ್ಫ್ ನಿಂಗೆ, ಮಧ್ಯದ್ದು ನಂಗೆ, ಕೆಳಗಿಂದು ಇಬ್ರಿಗೂ ಅಂತ ಚೀಟಿ ಅಂಟಿಸೋಣ್ವಾ? ಶನಿವಾರ ತರಕಾರಿ ತರೋಕೆ ಮುಂಚೆ ಇಬ್ರೂ ಸೇರಿ ಹಳೇದೆಲ್ಲ ತೆಗೆದುಬಿಡೋಣ. ಬೇರೆ ದಿನ ಅನುಕೂಲ ಅಂದ್ರೆ ಹೇಳು.”

ಇದರಲ್ಲಿ ತಪ್ಪು ಯಾರದೆಂಬ ಲೆಕ್ಕವಿಲ್ಲ, ದಿನ ಬದಲಿಸಲು ಅವಕಾಶವಿದೆ. ತರಕಾರಿ ತರುವ ಮುನ್ನವೇ ಖಾಲಿ ಮಾಡುವುದು ಜಾಣತನ, ಉಳಿದಿರುವುದು ಕಣ್ಣಿಗೆ ಬಿದ್ದರೆ ಅದನ್ನೇ ಮತ್ತೆ ಕೊಳ್ಳುವುದು ತಪ್ಪುತ್ತದೆ. ಒಬ್ಬಳು ಮಾಂಸಾಹಾರಿಯಾದರೆ ಹಸಿ ಮಾಂಸ, ಮೀನು ಮುಚ್ಚಿದ ಡಬ್ಬಿಯಲ್ಲಿ ತೀರ ಕೆಳಗಿರಬೇಕು. ಮೇಲಿಟ್ಟರೆ ಅದರ ನೀರು ಉಳಿದ ಆಹಾರದ ಮೇಲೆ ಸೋರಬಹುದು.

ಆದರೆ ವಾರಕ್ಕೊಮ್ಮೆಯ ಶುಚಿಯೊಂದೇ ಸಾಲದು. ಬೇಯಿಸಿದ ಸಾರು, ಪಲ್ಯ 5 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿಯೂ 3–4 ದಿನಕ್ಕಿಂತ ಹೆಚ್ಚು ಇಡತಕ್ಕದ್ದಲ್ಲ. ಅನ್ನವನ್ನು ಬೇಗ ಆರಿಸಿ ಒಳಗಿಟ್ಟು ಮರುದಿನವೇ ಮುಗಿಸುವುದು ಕ್ಷೇಮ. ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದರೂ ವಾಸನೆ ಬಾರದಿರಬಹುದು, ಆದ್ದರಿಂದ ಮೂಗನ್ನು ನಂಬುವಂತಿಲ್ಲ. ಡಬ್ಬಿಯ ಚೀಟಿಯಲ್ಲಿ ಹೆಸರಿನ ಜೊತೆಗೆ ಅಡುಗೆ ಮಾಡಿದ ತಾರೀಖನ್ನೂ ಬರೆಯಿರಿ.