ನಾಳೆ ಹಾಡಿಲ್ಲ

ನವೆಂಬರಿನ ಒಂದು ಶನಿವಾರ ಬೆಳಗ್ಗೆ ನಮ್ಮ ಬಡಾವಣೆಯ ಕನ್ನಡ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಮರುದಿನದ ರಾಜ್ಯೋತ್ಸವದ ಹಾಡಿನ ಕಾರ್ಯಕ್ರಮಕ್ಕೆ ಮಕ್ಕಳನ್ನು ತಯಾರು ಮಾಡಿದ್ದ ಸಂಗೀತದ ಮೇಷ್ಟ್ರು ಬೆಳಗಿನ ಜಾವ ತೀರಿಕೊಂಡಿದ್ದರು. ಕಾರ್ಯಕ್ರಮ ನಿಲ್ಲಿಸುವ ವಿಚಾರದಲ್ಲಿ ಎರಡು ಮಾತಿರಲಿಲ್ಲ. "ನೀವು ಬರೆಯೋರು ಸಾರ್, ನಮ್ಮ ಹುಡುಗರು ಏನೋ ಮಾಡಿದಾರೆ, ಕಳಿಸೋ ಮುಂಚೆ ಒಂಚೂರು ನೋಡಿಬಿಡಿ" ಎಂದರು.

ಸೋಮವಾರದಿಂದ ಎಲ್ಲರ ಫೋನಿನಲ್ಲಿದ್ದ ಆಹ್ವಾನ ಹೀಗಿತ್ತು: "ಬನ್ನಿ ಬನ್ನಿ, ಎಲ್ಲರೂ ಬನ್ನಿ! ನವೆಂಬರ್ 16ರ ಭಾನುವಾರ ಸಂಜೆ 5ಕ್ಕೆ ಉದ್ಯಾನದಲ್ಲಿ 'ಹಾಡು ಹಬ್ಬ'. 40 ಪುಟಾಣಿಗಳ ಕೊರಳಲ್ಲಿ ಕನ್ನಡದ ಕಲರವ! ಹಾಡಿ, ಕುಣಿಯಿರಿ, ಬಿಸಿಬಿಸಿ ಬೋಂಡಾ ಸವಿಯಿರಿ! ತಪ್ಪಿಸಿಕೊಂಡರೆ ನಷ್ಟ ನಿಮಗೇ!" ಪಕ್ಕದಲ್ಲಿ ಹಾರ್ಮೋನಿಯಂ ಮುಂದೆ ಕೂತು ನಗುತ್ತಿದ್ದ ಮೇಷ್ಟ್ರ ಫೋಟೊ.

ಹುಡುಗರು ಅದೇ ಪೋಸ್ಟರಿನ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ ಎಳೆದು 'ರದ್ದು' ಎಂದು ಬರೆದಿದ್ದರು. ಕೆಳಗೆ: "ಅನಿವಾರ್ಯ ಕಾರಣಗಳಿಂದ ಹಾಡು ಹಬ್ಬ ರದ್ದಾಗಿದೆ. ನಮ್ಮ ಮೇಷ್ಟ್ರ ಅಕಾಲಿಕ ಮರಣದಿಂದ ಆಘಾತವಾಗಿದೆ. ಅವರ ಆತ್ಮಕ್ಕೆ ಶಾಂತಿ ಸಿಗಲಿ. ಬೋಂಡಾ ಕೂಪನ್ ಹಣ ವಾಪಸ್. ಶೀಘ್ರದಲ್ಲೇ ಇನ್ನಷ್ಟು ಅದ್ಧೂರಿಯಾಗಿ ಭೇಟಿಯಾಗೋಣ!"

ಅವರಿಗೆ ದುಃಖವಿರಲಿಲ್ಲ ಎಂದಲ್ಲ. ಪೋಸ್ಟರ್ ಮಾಡಿದವನೇ ಮೇಷ್ಟ್ರ ಶಿಷ್ಯ. ಆದರೆ ಹಳೆಯ ಬರಹವನ್ನು ತಿದ್ದಲು ಕೂತರೆ ಅದರ ದನಿ ಹಾಗೇ ಉಳಿದುಬಿಡುತ್ತದೆ. ಕೆಂಪು ಪಟ್ಟಿಯ ಹಿಂದೆ 'ಕುಣಿಯಿರಿ' ಎಂಬುದು ಚೆನ್ನಾಗಿಯೇ ಕಾಣುತ್ತಿತ್ತು. 'ರದ್ದು' ಎಂಬ ಪದ ನೇರವಾಗಿ ಮೇಷ್ಟ್ರ ಎದೆಯ ಮೇಲೆ ಬಿದ್ದಿತ್ತು. ಇಂಥ ಸಂದರ್ಭದಲ್ಲಿ ತಿದ್ದುವುದನ್ನು ಬಿಟ್ಟು ಬಿಳಿ ಹಾಳೆಯಿಂದ ಶುರುಮಾಡುವುದೇ ವಾಸಿ. ಹಳೆಯದರಿಂದ ಎತ್ತಿಕೊಳ್ಳಬೇಕಾದದ್ದು ಮೂರೇ: ಕಾರ್ಯಕ್ರಮದ ಹೆಸರು, ದಿನ, ಜಾಗ. ಈ ಮೂರನ್ನು ಮಾತ್ರ ಬಿಡುವಂತಿಲ್ಲ. 'ಹಾಡು ಹಬ್ಬ' ಎಂಬ ಹೆಸರಿನಲ್ಲೇ ಸಂಭ್ರಮ ಇದೆ, ಅದನ್ನು ತೆಗೆದು 'ಕಾರ್ಯಕ್ರಮ' ಎಂದಷ್ಟೇ ಬರೆಯೋಣ ಎಂದು ಒಬ್ಬರು ಹೇಳಿದರು. ಹಾಗೆ ಮಾಡಿದ್ದರೆ ಯಾವ ಕಾರ್ಯಕ್ರಮ ಎಂದು ಕೇಳುವ ಐವತ್ತು ಫೋನು ಬರುತ್ತಿತ್ತು.

ಬರೆಯುವ ಮೊದಲು ಮೇಷ್ಟ್ರ ಮಗನಿಗೆ ಫೋನ್ ಮಾಡಿದೆವು. ಅಪ್ಪಾಜಿಯವರ ಹೆಸರು ಹಾಕಬಹುದೇ, ಅಂತಿಮ ದರ್ಶನದ ಸಮಯ ತಿಳಿಸಬಹುದೇ ಎಂದು ಕೇಳಿದಾಗ ಆತ ಹೇಳಿದ್ದು ನಮಗೆ ಹೊಳೆದೇ ಇರಲಿಲ್ಲ. "ದಾವಣಗೆರೇಲಿರೋ ಅಜ್ಜಿಗೆ ಇನ್ನೂ ಹೇಳಿಲ್ಲ. ಚಿಕ್ಕಪ್ಪ ಹೋಗ್ತಿದಾರೆ, ಮಧ್ಯಾಹ್ನ ಮುಟ್ತಾರೆ." ಸಂಘದ ಗುಂಪಿನ ಸಂದೇಶ ದಾವಣಗೆರೆಗೆ ಹೋಗಲು ಎರಡು ನಿಮಿಷ ಸಾಕು. ಮಗನ ಸಾವು ತೊಂಬತ್ತು ದಾಟಿದ ತಾಯಿಗೆ ಮೊಮ್ಮಗನ ಫೋನಿನ ಮೂಲಕ ಗೊತ್ತಾಗಿಬಿಡುತ್ತಿತ್ತು.

ಹಾಗಾಗಿ ಎರಡು ಕಂತು ಮಾಡಿದೆವು. ಕೂಡಲೇ ಹೋದದ್ದು ಇಷ್ಟೇ: "ನಾಳಿನ ಹಾಡು ಹಬ್ಬ ನಡೆಯುವುದಿಲ್ಲ. ವಿವರವನ್ನು ಮಧ್ಯಾಹ್ನ ತಿಳಿಸುತ್ತೇವೆ." ಅದರಲ್ಲಿ ಹೆಸರೂ ಇಲ್ಲ, ಕಾರಣವೂ ಇಲ್ಲ. 'ಅನಿವಾರ್ಯ ಕಾರಣ' ಎಂದೂ ಬರೆಯಲಿಲ್ಲ. ಆ ಮಾತು ಹಾಲ್ ಸಿಗದಿದ್ದಾಗ, ಅತಿಥಿ ಕೈಕೊಟ್ಟಾಗ ಬಳಸಿ ಬಳಸಿ ಸವೆದಿದೆ. ಈಗ ಅದನ್ನು ಓದಿದವರು ಸಂಘದಲ್ಲಿ ಜಗಳವಾಗಿದೆ ಎಂದೇ ತಿಳಿಯುತ್ತಾರೆ.

ಮಗನಿಂದ ಒಪ್ಪಿಗೆ ಬಂದದ್ದು ಒಂದೂವರೆಗೆ. ಅಷ್ಟರಲ್ಲಿ ನಮ್ಮೊಳಗೆ ಚರ್ಚೆ ನಡೆದದ್ದು ಒಂದೇ ಪದದ ಮೇಲೆ. ಸಾವಿಗೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ: ಲಿಂಗೈಕ್ಯ, ವೈಕುಂಠವಾಸಿ, ಸ್ವರ್ಗಸ್ಥ, ದೈವಾಧೀನ. ಪ್ರತಿಯೊಂದಕ್ಕೂ ಒಂದು ಮನೆತನ, ಒಂದು ನಂಬಿಕೆ ಇದೆ. ಮನೆಯವರು ಬಳಸುವ ಪದ ಗೊತ್ತಿದ್ದರೆ ಅದನ್ನೇ ಬರೆಯಬೇಕು. ಊಹಿಸಿ ಬರೆದರೆ ತಪ್ಪುತ್ತದೆ. ಮೇಷ್ಟ್ರು ಎಲ್ಲ ದೇವರ ಹಾಡನ್ನೂ ಕಲಿಸಿದವರು, ಮಗ 'ನಿಧನ' ಎಂದೇ ಹಾಕಿ ಎಂದರು. 'ಅಕಾಲಿಕ' ಎಂಬುದನ್ನು ಕೈಬಿಟ್ಟೆವು. ಮೇಷ್ಟ್ರಿಗೆ ಎಪ್ಪತ್ತೊಂದಾಗಿತ್ತು, ಆ ಪದ ಚಿಕ್ಕ ವಯಸ್ಸಿನವರ ಸಾವಿಗೆ ಸಲ್ಲುವಂಥದ್ದು. 'ದಿವಂಗತ' ಎಂದು ಹೆಸರಿನ ಹಿಂದೆ ಹಾಕುವುದೂ ಬೇಡವೆನಿಸಿತು. ನಿನ್ನೆ ಸಂಜೆ ಪಾಠ ಹೇಳಿದವರನ್ನು ಇಂದು ಮಧ್ಯಾಹ್ನಕ್ಕೆ ದಿವಂಗತರೆನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ಕೊನೆಗೆ ಹೋದ ಪ್ರಕಟಣೆ ಇದು. ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.

"ನಾಳೆ, ನವೆಂಬರ್ 16ರ ಭಾನುವಾರ ಸಂಜೆ ಉದ್ಯಾನದಲ್ಲಿ ನಡೆಯಬೇಕಿದ್ದ ಹಾಡು ಹಬ್ಬ ನಡೆಯುವುದಿಲ್ಲ. ಮಕ್ಕಳಿಗೆ ಹಾಡು ಕಲಿಸಿದ ನಮ್ಮ ಸಂಗೀತದ ಮೇಷ್ಟ್ರು ಇಂದು ಬೆಳಗಿನ ಜಾವ ನಿಧನರಾದರು. ಹನ್ನೊಂದು ವರ್ಷ ಅವರು ಸಂಘದ ಕೋಣೆಯಲ್ಲಿ ಪಾಠ ಹೇಳಿದ್ದಾರೆ. ಮನೆಯವರ ದುಃಖದಲ್ಲಿ ಸಂಘವೂ ಭಾಗಿ. ಇಂದು ಸಂಜೆ 5ರವರೆಗೆ ಅವರ ಮನೆಯಲ್ಲಿ ಅಂತಿಮ ದರ್ಶನ ಪಡೆಯಬಹುದು."

ಸಾವಿನ ಸುದ್ದಿ ಮೊದಲ ಸಾಲಿನಲ್ಲಿ ಬರಬೇಕಿತ್ತು ಎಂದು ಕೆಲವರಿಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಬೆಳಗಿನ ಚುಟುಕು ಸಂದೇಶವನ್ನು ನೋಡದವರು ಫೋನಿನಲ್ಲಿ ಮೊದಲು ಕಾಣುವ ಒಂದೆರಡು ಸಾಲನ್ನಷ್ಟೇ ಓದಿ ಮುಂದೆ ಹೋಗುತ್ತಾರೆ. ಅವರು ನಾಳೆ ಮಗುವಿಗೆ ರೇಷ್ಮೆ ಲಂಗ ತೊಡಿಸಿ ಉದ್ಯಾನಕ್ಕೆ ಬರಬಾರದು. ಬೋಂಡಾ ಕೂಪನ್ನಿನ ವಿಚಾರವನ್ನು ಸೋಮವಾರಕ್ಕೆ ಬಿಟ್ಟೆವು. ಮೂವತ್ತು ರೂಪಾಯಿಗೆ ಎರಡು ದಿನ ಕಾಯಲು ಯಾರೂ ತಕರಾರು ಮಾಡಲಿಲ್ಲ. ಪ್ರಾಯೋಜಕರಾದ ಬೇಕರಿ, ಟ್ಯೂಷನ್ ಸೆಂಟರುಗಳ ಲಾಂಛನಗಳನ್ನೂ ತೆಗೆದೆವು, ಸಾವಿಗೆ ಪ್ರಾಯೋಜಕರಿರುವುದಿಲ್ಲ.

ಮುಂದಿನ ದಿನಾಂಕವನ್ನೂ ಹಾಕಲಿಲ್ಲ. ದೊಡ್ಡವರೂ ಇದನ್ನೇ ಮಾಡುವುದು. 2024ರ ಡಿಸೆಂಬರ್ 26ರ ರಾತ್ರಿ ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ತೀರಿಕೊಂಡಾಗ, 1924ರ ಬೆಳಗಾವಿ ಅಧಿವೇಶನದ ಶತಮಾನೋತ್ಸವಕ್ಕಾಗಿ ಕಾಂಗ್ರೆಸ್ ಮರುದಿನ ಅಲ್ಲಿ ನಡೆಸಬೇಕಿದ್ದ ಸಮಾವೇಶ ನಿಂತಿತು. ಅದು ಅದೇ ಊರಿನಲ್ಲಿ ನಡೆದದ್ದು ಜನವರಿ 21ರಂದು. ಎರಡನೆಯ ದಿನಾಂಕಕ್ಕೆ ಎರಡನೆಯ ಪ್ರಕಟಣೆಯೇ ಬೇಕು. ಸಾವನ್ನು ತಿಳಿಸುವ ಸಂದೇಶದಲ್ಲೇ ಮುಂದಿನ ತಾರೀಖು ಇದ್ದರೆ, ಸತ್ತವರು ನಮ್ಮ ಕ್ಯಾಲೆಂಡರಿಗೆ ಅಡ್ಡ ಬಂದರು ಎಂಬಂತೆ ಕಾಣುತ್ತದೆ.

ಬರಹ ಮುಗಿದರೂ ಹಳೆಯ ಆಹ್ವಾನ ಊರೆಲ್ಲ ಓಡಾಡುತ್ತಲೇ ಇತ್ತು. ವಾಟ್ಸ್ಆಪಿನಲ್ಲಿ ಎಲ್ಲರ ಫೋನಿನಿಂದಲೂ ಸಂದೇಶ ಅಳಿಸಲು ಎರಡು ದಿನಕ್ಕಿಂತ ತುಸು ಹೆಚ್ಚು ಅವಕಾಶವಿರುತ್ತದೆ. ಸೋಮವಾರ ಕಳಿಸಿದ್ದರ ಗಡುವು ಎಂದೋ ಮುಗಿದಿತ್ತು. ಅಳಿಸಲು ಬಂದಿದ್ದರೂ, ಜನ ಬೇರೆಯವರಿಗೆ ದಾಟಿಸಿದ ಪ್ರತಿಗಳು ನಮ್ಮ ಕೈಗೆ ಸಿಗುತ್ತಿರಲಿಲ್ಲ. ಆದ್ದರಿಂದ ಹಳೆಯದನ್ನು ಬೆನ್ನಟ್ಟುವುದು ಬಿಟ್ಟು, ಅದು ಹೋದ ಗುಂಪುಗಳಿಗೆಲ್ಲ ಹೊಸದನ್ನು ಕಳಿಸಿದೆವು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ; ಫೋಟೊ ಇಲ್ಲ, ಹೂವಿನ ಅಂಚಿಲ್ಲ. ಉದ್ಯಾನದ ಗೇಟಿನ ಫ್ಲೆಕ್ಸಿನ ಮೇಲೆ ಚೀಟಿ ಅಂಟಿಸದೆ ಹಗ್ಗ ಬಿಚ್ಚಿ ಇಳಿಸಿದೆವು. ಮೈಕ್ ಕಟ್ಟಿದ ಆಟೋದವನಿಗೆ, ಶಾಮಿಯಾನದವರಿಗೆ, ಬೋಂಡಾ ಕರಿಯುವವರಿಗೆ ಕಾರ್ಯದರ್ಶಿ ತಾವೇ ಫೋನ್ ಮಾಡಿದರು.

ಒಂದು ಮಾತ್ರ ಯಾರ ನೆನಪಿಗೂ ಬರಲಿಲ್ಲ. ಸಂಘದ ಸದಸ್ಯರಿಗೆಲ್ಲ ಭಾನುವಾರ ಬೆಳಗ್ಗೆ 9ಕ್ಕೆ ತಾನೇ ಹೋಗುವಂತೆ ವಾರದ ಹಿಂದೆಯೇ ಒಂದು ಎಸ್ಸೆಮ್ಮೆಸ್ಸನ್ನು ಹೊಂದಿಸಿಟ್ಟಿದ್ದೆವು: "ಇಂದು ಸಂಜೆ ಹಾಡು ಹಬ್ಬ! ಮರೆಯದೆ ಬನ್ನಿ!" ಅದು ಹೊತ್ತಿಗೆ ಸರಿಯಾಗಿ ಹೋಯಿತು. ಎಸ್ಸೆಮ್ಮೆಸ್ಸನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲ. ಸದಸ್ಯರ ಪಟ್ಟಿಯಲ್ಲಿ ಮೇಷ್ಟ್ರ ನಂಬರೂ ಇತ್ತು. ಹಾರ್ಮೋನಿಯಂ ಪೆಟ್ಟಿಗೆಯ ಮೇಲಿದ್ದ ಫೋನು ಟಿಣ್ ಎಂದಾಗ ತೆರೆದು ಓದಿದ್ದು ತಾನೇ ಎಂದು ಮಗ ಆಮೇಲೆ ಹೇಳಿದರು.