ಒಪ್ಪಿದ್ದೇನು, ಅಲ್ಲಗಳೆದದ್ದೇನು?

ಸಾಲ ವಸೂಲಿಯ ದಾವೆಯೊಂದನ್ನು ನೋಡೋಣ. ವಾದಪತ್ರದ 3ನೇ ಪ್ಯಾರಾ, ‘ಪ್ರತಿವಾದಿ 2 ಲಕ್ಷ ರೂಪಾಯಿ ಸಾಲ ಪಡೆದು ಪ್ರಾಮಿಸರಿ ನೋಟು ಬರೆದುಕೊಟ್ಟಿದ್ದಾರೆ’ ಎನ್ನುತ್ತದೆ. ಲಿಖಿತ ಹೇಳಿಕೆಯಲ್ಲಿ ಅದಕ್ಕಿರುವ ಉತ್ತರ: ‘2 ಲಕ್ಷ ಪಡೆದಿಲ್ಲ.’

ಒಪ್ಪಿದ್ದು, ನಿರಾಕರಿಸಿದ್ದು, ಉತ್ತರಿಸದ್ದು ಎಂದು ಮೂರು ಕಾಲಂ ಎಳೆದು, ಪ್ಯಾರಾವನ್ನು ಒಂದೊಂದೇ ಸಂಗತಿಯಾಗಿ ಬಿಡಿಸಿ. ನೋಟಿನ ಬಗ್ಗೆ ಮಾತೇ ಇಲ್ಲ. ಅದು ಮೂರನೆಯ ಕಾಲಂಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 5ನೇ ನಿಯಮದಂತೆ, ನಿರ್ದಿಷ್ಟವಾಗಿ ಅಲ್ಲಗಳೆಯದ್ದನ್ನು ಒಪ್ಪಿದಂತೆಯೇ ಭಾವಿಸಲಾಗುತ್ತದೆ. ಆದರೂ ನ್ಯಾಯಾಲಯ ಪುರಾವೆ ಕೇಳಬಹುದು.

‘2 ಲಕ್ಷ ಪಡೆದಿಲ್ಲ’ ಎಂಬುದೂ ಜಾರಿಕೆಯ ಉತ್ತರವೇ. 1 ಲಕ್ಷ ಪಡೆದಿರಬಹುದಲ್ಲ? ಪೂರ್ತಿಯಾಗಲಿ, ಭಾಗವಾಗಲಿ ಪಡೆದಿಲ್ಲ ಎನ್ನಬೇಕು. ಇಲ್ಲವೇ ಪಡೆದದ್ದೆಷ್ಟೆಂದು ಹೇಳಬೇಕು. ಇದನ್ನು ಗುರುತು ಹಾಕದೆ ‘ನಿರಾಕರಿಸಿದ್ದು’ ಕಾಲಂಗೆ ಸೇರಿಸಬೇಡಿ.